ಯಾರೂ ಇಲ್ಲದ ಲಾಂಡ್ರಿ

೧೯೯೧ರಲ್ಲಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮುಂಬೈಗೆ ಬಂದು ಇಸ್ತ್ರಿಪೆಟ್ಟಿಗೆ ಹಿಡಿದೆ. ಹೊರದೇಶದಲ್ಲಿ ಗಿರಾಕಿಗಳೇ ಮಷಿನ್‌ಗೆ ಬಟ್ಟೆ ಹಾಕಿ ಒಗೆದುಕೊಳ್ಳುವ, ಆಳಿಲ್ಲದ ಲಾಂಡ್ರಿಗಳಿವೆಯೆಂದು ಕೇಳಿ, ವರ್ಷಗಟ್ಟಲೆ ದುಡಿದದ್ದನ್ನೆಲ್ಲ ಸುರಿದು ಮುಂಬೈನದೇ ಭಾಂಡುಪ್‌ನಲ್ಲಿ ಅಂಥದ್ದೇ ತೆರೆದೆ. ಯಾರೂ ಬರಲಿಲ್ಲ. ಗಾಜಿನ ಬಾಗಿಲು ತಾನೇ ತೆರೆಯುತ್ತಿತ್ತು, ಖಾಲಿ ಕೋಣೆಯಲ್ಲಿ ಹೆಣ್ಣುದನಿಯೊಂದು ‘ವೆಲ್‌ಕಮ್’ ಅನ್ನುತ್ತಿತ್ತು. ನನ್ನದೇ ಅಂಗಡಿಗೆ ಕಾಲಿಡಲು ನನಗೇ ಅಳುಕು.

“ಒಳಗ ಯಾರದಾರಂತ ಬರೂದೋ ಯಣ್ಣಾ? ಬಟ್ಟಿ ಯಾರ ಕೈಯಾಗ ಕೊಡೂದು?” ಎಂದಳು ನಾನಿದ್ದ ಚಾಳಿನ ನೆರೆಮನೆಯಾಕೆ. “ಸೀರಿ ಒಗ್ಯಾಕ ರೊಕ್ಕ ಯಾಕ, ನನ್ನ ಕೈ ಅದಾವ. ದಪ್ಪ ಚಾದರ ಅಷ್ಟ ಆಗೂದಿಲ್ಲ ನೋಡು.”

ಮರುದಿನ ಆ ‘ವೆಲ್‌ಕಮ್’ ರೆಕಾರ್ಡಿಂಗ್ ನಿಲ್ಲಿಸಿ, ನಾನೇ ಕುರ್ಚಿ ಹಾಕಿ ಕುಳಿತೆ. ಚಾದರ, ಪರದೆಗಳನ್ನು ಕಿಲೋ ಲೆಕ್ಕದಲ್ಲಿ ಒಗೆದು, ಒಣಗಿಸಿ, ಮಡಚಿ ಕೊಟ್ಟೆ. ಗಿರಾಕಿಗಳು ಬರತೊಡಗಿದರು.

ಈಗಲೂ ಒಮ್ಮೊಮ್ಮೆ ಯಾರೂ ಇಲ್ಲದೆ ಬಾಗಿಲು ತೆರೆಯುತ್ತದೆ. “ಬರ್ರಿ” ಅನ್ನುತ್ತೇನೆ.

ಎರಡು ಅಂಗಡಿ, ಏಳು ಮಷಿನ್, ನಾಲ್ವರು ಆಳುಗಳು, ಅಂಗಡಿಗೊಂದರಂತೆ ಎರಡು ಕುರ್ಚಿ.