ಏಳನೆಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ

ಕದ್ರಿಯ ನಮ್ಮ ಆಫೀಸಿನಲ್ಲಿ ಆ ದಿನ ಎಲ್ಲರಿಗೂ ಕ್ವಿಜ್. ಪರದೆಯ ಮೇಲೆ ಒಂದೊಂದೇ ಮೆಸೇಜ್ ಬರುತ್ತದೆ. ಅದು ನಿಜವೋ ಮೋಸವೋ ಎಂದು ಒತ್ತಬೇಕು. ನನಗೆ ಮೊದಲಿನಿಂದಲೂ ಇಂಥದ್ದರಲ್ಲಿ ಸ್ವಲ್ಪ ಜಂಬ. 'ಬಿಲ್ ಬಾಕಿ, ಇಂದೇ ಕರೆಂಟ್ ಕಟ್, ಈ ಲಿಂಕ್ ಒತ್ತಿ' ಎಂಬುದಕ್ಕೆ ನಕ್ಕೆ. ಎಚ್.ಆರ್. ಹೆಸರಿನ ಮೇಲ್‌ನಲ್ಲಿ ಕಂಪನಿಯ ವಿಳಾಸದ ಒಂದು ಅಕ್ಷರ ಬದಲಾಗಿದ್ದನ್ನೂ ಹಿಡಿದೆ.

ಪಾಸ್‌ವರ್ಡ್ ಪ್ರಶ್ನೆ ಬಂದಾಗ ಮಾತ್ರ ಕಿವಿ ಬಿಸಿಯಾಯಿತು. ಮನೆಯವರ ಹೆಸರು, ಹುಟ್ಟಿದ ಇಸವಿ ಸೇರಿಸಿ ಇಟ್ಟರೆ ಯಾರಾದರೂ ಊಹಿಸಬಹುದಂತೆ. ನನ್ನದು ಅದೇ: ತಂಗಿಯ ಮುದ್ದಿನ ಹೆಸರು, ಅವಳು ಹುಟ್ಟಿದ ಇಸವಿ. ಮಾತು ಬಿಟ್ಟು ಎರಡು ವರ್ಷವಾಗಿದ್ದರೂ ದಿನಾ ಬೆಳಿಗ್ಗೆ ಆ ಹೆಸರನ್ನು ಬರೆದೇ ಕೆಲಸ ಶುರು ಮಾಡುತ್ತಿದ್ದೆ.

ಅವಳು ಮಸ್ಕತ್‌ನಲ್ಲಿ ನರ್ಸ್. ಅಮ್ಮ ತೀರಿಕೊಂಡಾಗ ರಜೆ ಸಿಕ್ಕದೆ, ಉಳ್ಳಾಲದ ಮನೆಗೆ ಮೂರು ದಿನ ತಡವಾಗಿ ಬಂದಳು. "ನೀನಿಲ್ಲದೆಯೂ ಎಲ್ಲ ಆಯ್ತು," ಅಂದುಬಿಟ್ಟೆ. ಹಾಳು ಬಾಯಿ ನನ್ನದು.

ಏಳನೆಯ ಮೆಸೇಜ್: 'ಅಕ್ಕಾ, ನನ್ನ ಫೋನ್ ನೀರಿಗೆ ಬಿತ್ತು. ಇದು ಹೊಸ ನಂಬರ್. ನಿನಗೆ ಆರಂಕಿಯ ಕೋಡ್ ಬಂದಿರ್ತದೆ, ಬೇಗ ಕಳಿಸು.'

ನಾನು 'ನಿಜ' ಒತ್ತಿದೆ. ಗೊತ್ತಿಲ್ಲದೆ ಅಲ್ಲ. 'ಅಕ್ಕಾ' ಎಂಬಲ್ಲಿಗೇ ನನ್ನ ಓದು ನಿಂತುಹೋಗಿತ್ತು.

ತರಬೇತಿ ಕೊಡುತ್ತಿದ್ದ ಐಟಿ ವಿಭಾಗದ ಹುಡುಗಿಗೆ ಆಶ್ಚರ್ಯ. "ಎಂತ ಮೇಡಂ, ಎಲ್ಲ ಸರಿ ಮಾಡಿ ಇದೊಂದು ತಪ್ಪಿದ್ದು? ಕೋಡ್ ಕೊಟ್ರೆ ನಿಮ್ಮ ವಾಟ್ಸಾಪೇ ಅವರ ಕೈಗೆ ಹೋಗ್ತದೆ. ಡೌಟ್ ಉಂಟಾದ್ರೆ ನಿಮ್ಮತ್ರ ಮೊದಲೇ ಇರುವ ಹಳೇ ನಂಬರಿಗೆ ಫೋನ್ ಮಾಡಿ ಕೇಳ್ಬೇಕು."

ಊಟದ ಹೊತ್ತಿಗೆ ಡಬ್ಬಿ ಬಿಚ್ಚದೆ ಮೆಟ್ಟಿಲ ಬಳಿ ಹೋಗಿ, ಫೋನಿನಲ್ಲಿ ತಂಗಿಯ ಹಳೇ ನಂಬರ್ ತೆಗೆದು ನಿಂತೆ. ಎತ್ತದಿದ್ದರೆ? ಎತ್ತಿ, ನನ್ನ ದನಿ ಕೇಳಿ ಇಟ್ಟುಬಿಟ್ಟರೆ? ಕ್ವಿಜ್‌ನ ನೆಪವಿಲ್ಲದಿದ್ದರೆ ಖಂಡಿತ ಮಾಡುತ್ತಿರಲಿಲ್ಲ. ಅವಳ ದನಿ ಕೇಳಬೇಕೆಂದು ಎಷ್ಟು ಹಂಬಲಿಸಿದ್ದೆನೆಂದು ರಿಂಗ್ ಆಗುವಾಗಲೇ ನನಗೆ ತಿಳಿದದ್ದು.

ಎತ್ತಿದಳು. "ಅಕ್ಕಾ, ಎಂಚ ಉಲ್ಲ?" ನಿನ್ನೆಯಷ್ಟೇ ಮಾತಾಡಿದವಳಂತೆ, ಹೇಗಿದ್ದೀ ಎಂದು ತುಳುವಿನಲ್ಲಿ ಕೇಳಿದಳು.

"ನಿನ್ನ ಫೋನ್ ನೀರಿಗೆ ಬಿದ್ದಿಲ್ಲ ಅಲ್ವಾ?" ಎಂದು ಪೆದ್ದಿಯಂತೆ ಕೇಳಿದೆ. ಕ್ವಿಜ್ ಕಥೆಯನ್ನೂ ತಡವರಿಸುತ್ತ ಹೇಳಿದೆ.

ಅವಳು ನಕ್ಕಳು.

"ಇಲ್ಲಿ ಎರಡು ಆಸ್ಪತ್ರೆ ಬದಲಾಯಿಸಿದೆ, ರೂಮೂ ಬದಲಾಯಿಸಿದೆ. ಈ ನಂಬರ್ ಮಾತ್ರ ಬಿಡ್ಲಿಲ್ಲ ಮಾರಾಯ್ತಿ. ನಿನ್ನತ್ರ ಇರುವುದು ಇದೊಂದೇ ಅಲ್ವಾ?"