ಸೆಖೆಯನ್ನು ಇದ್ದಷ್ಟೇ ಹೇಳಿದ್ದು

ನಮ್ಮೂರಿನವರಿಗೆ ಸೆಖೆ ಆಗುತ್ತದೆ, ಆದರೆ ಒಪ್ಪಿಕೊಳ್ಳುವುದಿಲ್ಲ. ಹಾಸನದಿಂದ ನೆಂಟರು ಬಂದರೆ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಲೇ ‘ನಮ್ಮ ಸಕಲೇಶಪುರ ತಂಪು ಕಣ್ರೀ’ ಎನ್ನುತ್ತಾರೆ. ಇಂಥ ಊರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಫ್ಯಾನು, ಕೂಲರ್ ಮಾರುವ ಕೆಲಸ ನನ್ನದು. ಬೇಸಿಗೆ ಸೇಲ್ ಬಂತೆಂದರೆ ಆಟೋ ಮೈಕಿನ ಪ್ರಚಾರವನ್ನು ಬರೆದು, ಮೊಬೈಲಿನಲ್ಲಿ ನನ್ನ ದನಿಯಲ್ಲೇ ರೆಕಾರ್ಡ್ ಮಾಡಿಕೊಡುವುದೂ ನಾನೇ. ಆ ದನಿಯ ಬಗ್ಗೆ ನನಗೆ ಜಂಬವಿತ್ತು, ಸುಳ್ಳೇಕೆ ಹೇಳಲಿ.

ಆ ವರ್ಷ ಹೀಗೆ ಬರೆದಿದ್ದೆ: ‘ಬೆಂಕಿಯಂಥ ಬಿಸಿಲು! ಇನ್ನೆರಡು ತಿಂಗಳು ಒಂದು ಹನಿ ಮಳೆಯಿಲ್ಲ! ಇಂದೇ ಕೂಲರ್ ಕೊಳ್ಳಿ, ಮನೆಯನ್ನೇ ಹಿಮಾಲಯ ಮಾಡಿ!’ ರೆಕಾರ್ಡ್ ಮಾಡಿ ನಾನೇ ಎರಡು ಸಲ ಕೇಳಿ ಖುಷಿಪಟ್ಟೆ.

ಆದರೆ ಅದು ಕಾಫಿ ಗಿಡಗಳೆಲ್ಲ ಮೊಗ್ಗು ಹೊತ್ತು ನಿಂತ ಹೊತ್ತು. ಹೂಮಳೆ ಬಂದರೆ ಹೂವು, ಬರದಿದ್ದರೆ ಮೊಗ್ಗು ಒಣಗಿ ಫಸಲು ಹೋಯಿತು. ತೋಟದವರೆಲ್ಲ ಕತ್ತೆತ್ತಿ ಮೋಡ ನೋಡುತ್ತಿದ್ದ ವಾರದಲ್ಲಿ ನಾನು ಮೈಕ್ ಹಾಕಿ ಮಳೆ ಇಲ್ಲ ಎಂದು ಸಾರಿದ್ದೆ. ದೋಣಿಗಲ್ ಹತ್ತಿರ ಬೆಳೆಗಾರರೊಬ್ಬರು ಜೀಪು ಅಡ್ಡ ಹಾಕಿ ಆಟೋ ನಿಲ್ಲಿಸಿದರು. ಯಾವ ಅಂಗಡಿ ಎಂದು ವಿಚಾರಿಸಿಕೊಂಡು ನೇರ ನಮ್ಮಲ್ಲಿಗೇ ಬಂದರು.

‘ಮಳೆ ಬರಲ್ಲ ಅಂದೋಳು ಯಾರಮ್ಮ? ನಿನ್ ಬಾಯಿಗೆ ಮಣ್ಣಾಕ! ಮೊಗ್ಗು ಕೂತೈತೆ, ಇವಳು ಹಿಮಾಲಯ ಮಾಡ್ತಾಳಂತೆ!’

‘ಗೌಡ್ರೇ, ನಾನು ಕೂಲರಿಗೆ ಹೇಳಿದ್ದು...’

‘ಕೂಲರಿಗೆ ಹೇಳದಾದ್ರೆ ಕೂಲರ್ ಕಿವೀಲಿ ಹೇಳು!’

ಮಾಲೀಕರು ಅವರಿಗೆ ಕಾಫಿ ತರಿಸಿ ಕೈಮುಗಿದು ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, ‘ಭಾನುವಾರದವರೆಗೆ ನೋಡ್ತೀನಿ. ಜನ ಬರ್ಲಿಲ್ಲ ಅಂದ್ರೆ ಹಾಸನದ ಸ್ಟುಡಿಯೋದಲ್ಲಿ ಬೇರೆಯವರ ದನಿ ಮಾಡಿಸ್ತೀನಿ’ ಎಂದರು. ಬಾಯಿಗೆ ಮಣ್ಣು ಹಾಕಿಸಿಕೊಂಡದ್ದಕ್ಕಿಂತ ಇದು ಹೆಚ್ಚು ಉರಿಯಿತು.

ಊಟಕ್ಕೆಂದು ಸಿಟ್ಟಿನಲ್ಲೇ ಮನೆಗೆ ಹೋದೆ. ನಮ್ಮದು ಶೀಟಿನ ಮನೆ. ಅತ್ತೆ ಹಾಸಿಗೆ ಬಿಟ್ಟು ಬರಿನೆಲದ ಮೇಲೆ ಮಲಗಿ, ಹೊಟ್ಟೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡಿದ್ದರು. ಮಲಗಿದ ಜಾಗ ಬಿಸಿಯಾದರೆ ಒಂದು ಮೊಳ ಪಕ್ಕಕ್ಕೆ ಜರುಗುವರು. ಹಾಗೆ ಜರುಗಿ ಜರುಗಿ ಅಡುಗೆಮನೆ ಬಾಗಿಲು ತಲುಪಿದ್ದರು.

‘ಸೆಖೆನಾ ಅತ್ತೆ?’

‘ಸೆಖೆ ಎಲ್ಲಿಂದ ಬಂತು? ಸೊಂಟ ನೋವು ಕಣೆ.’

ಅಲ್ಲೇ ಕೂತು ಹಳೇ ಕ್ಯಾಲೆಂಡರಿನ ಹಿಂದೆ ಹೊಸದು ಬರೆದೆ:

‘ಮಧ್ಯಾಹ್ನ ಎರಡು ಗಂಟೆಗೆ ಶೀಟಿನ ಮನೇಲಿ ಕೂರೋಕಾಗಲ್ಲ. ನೆಲದ ಮೇಲೆ ಮಲಗ್ತೀರಿ, ನೆಲ ಬಿಸಿಯಾದ್ರೆ ಪಕ್ಕಕ್ಕೆ ಜರುಗ್ತೀರಿ. ಕಿಟಕಿ ತೆಗೆದ್ರೆ ಸೊಳ್ಳೆ, ಮುಚ್ಚಿದ್ರೆ ಉಬ್ಬೆ. ಫ್ಯಾನು ಗಾಳಿ ಕೊಡುತ್ತೆ, ರೂಮಿನ ಬಿಸಿ ಇಳಿಸಲ್ಲ. ಕೂಲರ್ ತಂಪು ಮಾಡುತ್ತೆ, ಆದ್ರೆ ನೀರು ತುಂಬಬೇಕು, ಕಿಟಕಿ ತೆಗೆದಿರಬೇಕು. ಮಳೆ ಬಂದ ದಿನ ಕೂಲರ್ ಬೇಡ, ಫ್ಯಾನು ಸಾಕು. ಹೂಮಳೆ ಬೇಗ ಬರ್ಲಿ. ಅಲ್ಲೀವರೆಗೂ ಮಧ್ಯಾಹ್ನ ಕಳೀಬೇಕಲ್ಲ, ಅಂಗಡಿಗೆ ಬನ್ನಿ.’

ಅಂಗಡಿಗೆ ಹೋಗಿ ರೆಕಾರ್ಡ್ ಮಾಡಿದ್ದನ್ನು ಕೇಳಿ ಮಾಲೀಕರು ತಲೆ ಚಚ್ಚಿಕೊಂಡರು. ‘ಮಾರಾಯ್ತಿ, ನೀನು ಮಾರಕ್ ಹೊಂಟಿದ್ದೀಯಾ, ಬ್ಯಾಡ ಅನ್ನಕ್ ಹೊಂಟಿದ್ದೀಯಾ?’

‘ಭಾನುವಾರದವರೆಗೂ ನನ್ನ ದನಿ ಅಂದಿದ್ದೀರಲ್ಲಣ್ಣ’ ಎಂದು ಆಟೋ ಕಳಿಸಿಯೇಬಿಟ್ಟೆ.

ಮಾರನೇ ದಿನದಿಂದ ಹೆಂಗಸರು ಬರತೊಡಗಿದರು. ಒಬ್ಬರು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ, ‘ನಾನು ನೆಲದ ಮೇಲೆ ಮಲಗದು ನಿಂಗ್ ಯಾರ್ ಹೇಳಿದ್ರು?’ ಎಂದು ಜಗಳಕ್ಕೇ ನಿಂತರು. ಅದು ನಮ್ಮತ್ತೆಯ ಕತೆ ಎಂದರೆ ನಂಬಲಿಲ್ಲ. ಸೆಖೆ ತನಗಲ್ಲ, ಸೊಸೆಗೆ ಎಂದು ಹೇಳಿ ಒಂದು ಫ್ಯಾನು ಒಯ್ದರು. ನಮ್ಮತ್ತೆಯಂತೂ ಮೈಕಿನಲ್ಲಿ ಅದನ್ನು ಕೇಳಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಫ್ಯಾನುಗಳೇನೋ ಹೋದವು, ಕೂಲರ್ ಮಾತ್ರ ಒಂದೂ ಅಲ್ಲಾಡಲಿಲ್ಲ.

ಭಾನುವಾರ ಅದೇ ಬೆಳೆಗಾರರು ಬಂದರು.

‘ತೋಟದ ಲೆಕ್ಕ ಬರೆಯೋ ರೈಟರ್ ರೂಮಿಗೆ ಒಂದು ಕೂಲರ್ ಕೊಡು.’

ಮಾಲೀಕರ ಮುಖ ಅರಳಿತು. ನಾನು ಸುಮ್ಮನಿರಬೇಕಿತ್ತು. ‘ರೂಮಿಗೆ ಕಿಟಕಿ ಐತಾ ಗೌಡ್ರೇ?’

‘ಇಲ್ಲ. ಬಾಗಿಲೊಂದೇ, ಅದನ್ನೂ ಹಾಕ್ಕಂಡೇ ಕೂರ್ತಾನೆ.’

‘ಹಂಗಾದ್ರೆ ಕೂಲರ್ ಬ್ಯಾಡ. ಪಸೆ ಒಳಗೇ ನಿಂತು ಮೈಯೆಲ್ಲ ಅಂಟಂಟು ಆಗುತ್ತೆ. ಫ್ಯಾನು ತಗೊಳ್ಳಿ.’

ಮಾಲೀಕರು ಕೆಮ್ಮಿದರು. ಮತ್ತೆ ಕೆಮ್ಮಿದರು.

‘ಮನೆ ಹಾಲಿಗೆ ನಾಕು ಕಿಟಕಿ ಐತೆ’ ಎಂದರು ಬೆಳೆಗಾರರು. ‘ಅಲ್ಲಿಗೆ ನಡೀತದಾ?’

‘ಚೆನ್ನಾಗ್ ನಡೀತದೆ. ಮಳೆ ಬರೋವರೆಗೆ.’

‘ಆಯ್ತು, ಹಾಲಿಗೆ ಕೂಲರ್, ರೈಟರಿಗೆ ಫ್ಯಾನು. ನಮ್ಮ ತಂಗಿ ಮನೇರೂ ಕೂಲರ್ ಕೇಳ್ತಾವ್ರೆ, ಅವರಿಗೂ ನೀನೇ ಕಿಟಕಿ ಕೇಳಿ ಕೊಡು.’

ಜೀಪು ಹೊರಟ ಮೇಲೆ ಮಾಲೀಕರು ಫೋನ್ ತೆಗೆದು ಹಾಸನಕ್ಕೆ ಮಾಡಿದರು. ನಾನು ಡಬ್ಬಗಳನ್ನು ಜೋಡಿಸುವವಳಂತೆ ನಟಿಸುತ್ತ ಕೇಳಿಸಿಕೊಂಡೆ.

‘ರೆಕಾರ್ಡಿಂಗ್ ಬ್ಯಾಡ ಕಣಪ್ಪ. ನಮ್ಮಲ್ಲೇ ಒಬ್ಬಳವ್ಳೆ. ಬ್ಯಾಡ ಬ್ಯಾಡ ಅಂದೇ ಮಾರ್ಬುಡ್ತಾಳೆ.’