ಕಮಲಕ್ಕನ ಮೊದಲ ಕಾದಂಬರಿ

"ಕೊಂದದ್ದು ಯಾರೂಂತ ಹೇಳ್ಬೇಡಿ ಮಾರಾಯ್ರೆ!" ಬೆಳ್ಳಾರೆಯ ಬಸ್ಸಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಮನೆಯ ಕಮಲಕ್ಕ ಕೂಗಿದರು. ಎಲ್ಲರೂ ತಿರುಗಿ ನೋಡಿದರು.

ಎಂಬತ್ತರ ದಶಕದ ಮಾತು. ಶಾಲೆ ಬಿಟ್ಟ ಮೇಲೆ ಪುಸ್ತಕ ಮುಟ್ಟದೆ ಬೀಡಿ ಕಟ್ಟುತ್ತಿದ್ದ ಅವರಿಗೆ ನಾನು ಮೊದಲು ಕೊಟ್ಟದ್ದು ನನಗಿಷ್ಟವಾದ ದಪ್ಪ ಕಾದಂಬರಿ. "ತಲೆಗೆ ಹತ್ತುದಿಲ್ಲ" ಎಂದು ಅದನ್ನು ಬೀಡಿ ಎಲೆಗೆ ಭಾರವಾಗಿ ಇಟ್ಟಿದ್ದರು. ಊರಿನ ಯಾವ ಸುದ್ದಿಗೂ "ಮತ್ತೆ ಎಂತಾಯ್ತು?" ಎನ್ನುವವರು ಅವರು. ಹಾಗಾಗಿ ಮೊದಲ ಪುಟದಲ್ಲೇ ಕೊಲೆಯಾಗುವ, ದೊಡ್ಡ ಅಕ್ಷರದ, ಚಾ ಕುಡಿಯುವಷ್ಟರಲ್ಲಿ ಅಧ್ಯಾಯ ಮುಗಿಯುವ ತೆಳ್ಳನೆಯ ಪತ್ತೇದಾರಿ ಕೊಟ್ಟೆ. ಬೇಸರವಾದರೆ ಅರ್ಧಕ್ಕೇ ಬಿಡಿ ಎಂದೂ ಹೇಳಿದ್ದೆ.

ಆ ದಪ್ಪ ಕಾದಂಬರಿ ನನ್ನ ಕೈಗೆ ಮರಳಿದ್ದು ಮರುವರ್ಷ. ಅದರ ಕೊನೆಯ ಪುಟದಲ್ಲೂ ಹೊಗೆಸೊಪ್ಪು ಹತ್ತಿದ ಬೆರಳಿನ ಗುರುತು ಇತ್ತು.